ಮ್ಯಾನೇಜರ್ ಕುರ್ಚಿಯಲ್ಲಿ ಕಾಲೇಜು ಹುಡುಗ: ಗಡ್ಡ, ಕನ್ನಡಕ, ಕಟಿಂಗ್‌ನಿಂದ ಐದು ವರ್ಷ ಕೂಡಿಸಿಕೊಳ್ಳುವುದು ಹೇಗೆ

"ಏ ಮರಿ, ಸಾಹೇಬ್ರು ಎಲ್ಲಿ ಹೋದ್ರು? ನೀನ್ಯಾಕೆ ಅವ್ರ ಕುರ್ಚೀಲಿ ಕೂತಿದೀಯ?"

ನಾನೇ ಸಾಹೇಬ. ವಯಸ್ಸು 31. ತಿಪಟೂರು ಕಡೆಯ ಒಂದು ಬ್ಯಾಂಕ್ ಶಾಖೆಗೆ ಮ್ಯಾನೇಜರ್ ಆಗಿ ಬಂದು ಮೂರು ದಿನ ಆಗಿತ್ತು. ಕೇಳಿದವರು ತೆಂಗಿನ ತೋಟದ ಯಜಮಾನರು, ಎಪ್ಪತ್ತರ ಆಸುಪಾಸು. ಅವರದ್ದೇನೂ ತಪ್ಪಿಲ್ಲ. ದುಂಡು ಮುಖ, ನುಣ್ಣಗೆ ಬೋಳಿಸಿದ ಕೆನ್ನೆ, ಎಣ್ಣೆ ಹಚ್ಚಿ ಪಕ್ಕಕ್ಕೆ ಬೈತಲೆ ತೆಗೆದ ತಲೆ. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್‌ನ ಫೋಟೋದಲ್ಲಿ ಹೇಗಿದ್ದೆನೋ ಹಾಗೇ ಇದ್ದೆ. "ನಾನೇ ಮ್ಯಾನೇಜರು, ಹೇಳಿ ಯಜಮಾನ್ರೆ" ಅಂದರೆ ಅವರು ನನ್ನನ್ನು ಬಿಟ್ಟು ನನ್ನ ಹಿಂದೆ ನಿಂತಿದ್ದ ಹಿರಿಯ ಗುಮಾಸ್ತರ ಮುಖ ನೋಡಿದರು. ಗುಮಾಸ್ತರು ತಲೆ ಆಡಿಸಿದ ಮೇಲೇ ಕೂತರು.

ಅಲ್ಲಿಂದ ಆರು ತಿಂಗಳಲ್ಲಿ ನಾನು ಮುಖದ ಮೇಲೆ ಏನೇನು ಮಾಡಿದೆ, ಯಾವುದು ಕೆಲಸ ಮಾಡಿತು, ಯಾವುದು ಕೆಟ್ಟಿತು ಅನ್ನುವುದೇ ಈ ಬರಹ. ಗಡ್ಡದ ಮಾತು ಜಾಸ್ತಿ ಇರುವುದರಿಂದ ಇದು ಮುಖ್ಯವಾಗಿ ಗಂಡಸರಿಗೆ. ಆದರೆ ಕನ್ನಡಕದ ಭಾಗ ಎಲ್ಲರಿಗೂ ಹೊಂದುತ್ತದೆ.

ಮುಖ ಚಿಕ್ಕದಾಗಿ ಕಾಣುವುದು ಯಾಕೆ

ಇದು ಗೊತ್ತಿದ್ದರೆ ಉಳಿದದ್ದು ಸುಲಭ. 1943ರಲ್ಲಿ ಆಸ್ಟ್ರಿಯಾದ ವಿಜ್ಞಾನಿ ಕಾನ್ರಾಡ್ ಲೊರೆನ್ಝ್ ಮಕ್ಕಳ ಮುಖದ ಗುರುತುಗಳನ್ನು ಪಟ್ಟಿ ಮಾಡಿದ್ದರು. ದೊಡ್ಡ ಹಣೆ, ದೊಡ್ಡ ಕಣ್ಣು, ಉಬ್ಬಿದ ಕೆನ್ನೆ. ಮಕ್ಕಳ ಗಲ್ಲವೂ ಸಣ್ಣದು. ಇವನ್ನು ಕಂಡ ತಕ್ಷಣ ನಮಗೆ ಮುದ್ದು ಬರುತ್ತದೆ. ದೊಡ್ಡವರಾದ ಮೇಲೂ ಕೆಲವರ ಮುಖದಲ್ಲಿ ಈ ಗುರುತುಗಳು ಉಳಿದುಬಿಡುತ್ತವೆ. ಅಂಥವರನ್ನು ಜನ ಒಳ್ಳೆಯವನು, ಪ್ರಾಮಾಣಿಕ ಅಂದುಕೊಳ್ಳುತ್ತಾರೆ. ಜೊತೆಗೆ "ಪಾಪ, ಇವನಿಗೇನು ಗೊತ್ತು" ಅಂತಲೂ ಅಂದುಕೊಳ್ಳುತ್ತಾರೆ. ಸಾಲ ಮಂಜೂರು ಮಾಡುವ ಕುರ್ಚಿಗೆ ಮೊದಲ ಮಾತು ಒಳ್ಳೆಯದು, ಎರಡನೆಯದು ಕಷ್ಟ.

ಹಾಗಾದರೆ ಲೆಕ್ಕ ಸ್ಪಷ್ಟ. ಗಡ್ಡ ಗಲ್ಲವನ್ನು ಉದ್ದ ಮಾಡಿ ಕೆನ್ನೆಯ ದುಂಡನ್ನು ಮುರಿಯಬೇಕು. ಕನ್ನಡಕ ಕಣ್ಣಿನ ಮೇಲೆ ಒಂದು ಗಟ್ಟಿ ಗೆರೆ ಕೊಡಬೇಕು. ಕಟಿಂಗ್ ತಲೆಯ ದುಂಡನ್ನು ತೆಗೆದು ಎತ್ತರ ಕೊಡಬೇಕು. ಈ ಮೂರರಲ್ಲಿ ಯಾವುದನ್ನು ಮಾಡುವಾಗಲೂ ಕನ್ನಡಿ ಮುಂದೆ ಕೇಳಿಕೊಳ್ಳಬೇಕಾದ ಪ್ರಶ್ನೆ "ಚೆನ್ನಾಗಿ ಕಾಣ್ತೀನಾ" ಅಲ್ಲ. "ಗಲ್ಲ ದೊಡ್ಡದಾಯ್ತಾ, ಕೆನ್ನೆ ಸಣ್ಣದಾಯ್ತಾ" ಅನ್ನುವುದು.

ಮೊದಲ ಹೆಜ್ಜೆ: ಸರಿಯಾದ ಫೋಟೋ

ಸೆಲ್ಫಿ ಬೇಡ. ಕೈ ದೂರದಲ್ಲಿ ಫೋನ್ ಹಿಡಿದರೆ ಮೂಗು, ಹಣೆ ದೊಡ್ಡದಾಗಿ, ಕಿವಿ ಹಿಂದಕ್ಕೆ ಹೋದ ಹಾಗೆ ಬರುತ್ತದೆ. ಹಗಲಲ್ಲಿ ಕಿಟಕಿಗೆ ಮುಖ ಮಾಡಿ ನಿಲ್ಲಿ. ಫೋನನ್ನು ಎರಡು ಮೀಟರ್ ದೂರದಲ್ಲಿ, ಕಣ್ಣಿನ ಎತ್ತರಕ್ಕೆ ಇಟ್ಟು ಸ್ವಲ್ಪ ಝೂಮ್ ಮಾಡಿ ಇನ್ನೊಬ್ಬರಿಂದ ತೆಗೆಸಿ. ಎದುರಿನಿಂದ ಒಂದು, ಪಕ್ಕದಿಂದ ಒಂದು. ನಗಬೇಡಿ. ಪ್ರತಿ ಭಾನುವಾರ ಅದೇ ಜಾಗ, ಅದೇ ಶರ್ಟು.

ಇದನ್ನು ಮನೆಯವರಿಗೆ ತೋರಿಸಬೇಡಿ. ನಮ್ಮಮ್ಮನಿಗೆ ಎರಡನೇ ವಾರದ ಫೋಟೋ ತೋರಿಸಿದ್ದೇ ತಡ, "ಏನೋ ಇದು, ಕಾಯಿಲೆ ಬಿದ್ದೆದ್ದವನ ಥರ" ಅಂದರು. ನಿಮ್ಮನ್ನು ಕಂಡಿರದವರಿಗೆ ಸ್ನೇಹಿತರ ಮೂಲಕ ತೋರಿಸಿ, ಒಂದೇ ಪ್ರಶ್ನೆ ಕೇಳಿಸಿ: "ಇವರಿಗೆ ಎಷ್ಟು ವಯಸ್ಸು?" ಐದಾರು ಜನ ಸಾಕು. ಹಳೆ ಮುಖಕ್ಕೆ ಒಂದು ಗುಂಪು, ಹೊಸ ಮುಖಕ್ಕೆ ಬೇರೆ ಗುಂಪು ಇರಲಿ. ಇಲ್ಲದಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುತ್ತಾರೆ, ಉತ್ತರ ಕೆಡುತ್ತದೆ. ನನ್ನ ಮೊದಲ ಫೋಟೋಗೆ ಬಂದ ಉತ್ತರ 22ರಿಂದ 25. ಒಬ್ಬರು ಮಾತ್ರ 19 ಅಂದರು, ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

ಗಡ್ಡ: ಐದಾರು ವಾರ ಕೈ ಇಡಬೇಡಿ

ಗಡ್ಡದ ಕೂದಲು ದಿನಕ್ಕೆ ಸುಮಾರು ಮಿಲಿಮೀಟರಿನ ಮೂರನೇ ಒಂದು ಭಾಗ ಬೆಳೆಯುತ್ತದೆ. ಅಂದರೆ ತಿಂಗಳಿಗೆ ಒಂದು ಸೆಂಟಿಮೀಟರ್. ಪದೇ ಪದೇ ಬೋಳಿಸಿದರೆ ದಪ್ಪ ಬರುತ್ತದೆ ಅನ್ನುವುದು ಸುಳ್ಳು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ಸಿಗುತ್ತದೆ, ಅಷ್ಟೇ.

ತೊಂದರೆ ಬೆಳೆಯುವುದರಲ್ಲಿ ಇಲ್ಲ. ಬೆಳೆಯುವಾಗ ಜನರ ಬಾಯಿ ಮುಚ್ಚಿಸುವುದರಲ್ಲಿ ಇದೆ. ನಮ್ಮಲ್ಲಿ ಯಾರಾದರೂ ಇದ್ದಕ್ಕಿದ್ದ ಹಾಗೆ ಗಡ್ಡ ಬಿಟ್ಟರೆ ಪ್ರಶ್ನೆಗಳು ಸಿದ್ಧ ಇರುತ್ತವೆ. ಮನೆಯಲ್ಲಿ ಸೂತಕವಾ? ಹೆಂಡತಿ ಬಸುರಿಯಾ? ಮದುವೆ ಆಗದವನಾದರೆ ಲವ್ ಫೇಲ್ಯೂರಾ? ನನಗೆ ದಾರಿ ತಾನಾಗಿ ಸಿಕ್ಕಿತು. ಆ ವರ್ಷ ನವೆಂಬರ್‌ನಲ್ಲಿ ಚಿಕ್ಕಪ್ಪನ ಜೊತೆ ಅಯ್ಯಪ್ಪ ಮಾಲೆ ಹಾಕಿದೆ. 41 ದಿನ ಗಡ್ಡಕ್ಕೂ ತಲೆಗೂ ಕತ್ತರಿ ಇಲ್ಲ. ಶಾಖೆಯಲ್ಲಿ ಒಬ್ಬರೂ ಏನಾಯ್ತು ಅಂತ ಕೇಳಲಿಲ್ಲ, "ಸ್ವಾಮಿ" ಅಂತ ಕರೆದು ಸುಮ್ಮನಾದರು. ಶಬರಿಮಲೆಯಿಂದ ಬಂದು ಮಾಲೆ ತೆಗೆಯುವ ಹೊತ್ತಿಗೆ ಗಲ್ಲದಲ್ಲಿ ಸುಮಾರು 14 ಮಿಲಿಮೀಟರ್ ಗಡ್ಡ ಇತ್ತು. ಗಡ್ಡಕ್ಕಾಗಿ ಮಾಲೆ ಹಾಕಿ ಅಂತ ನಾನು ಹೇಳುವುದಿಲ್ಲ, ಅದು ತಪ್ಪು. ಆದರೆ ಹಾಕುವವರಿದ್ದರೆ, ಬಂದ ದಿನವೇ ಪೂರ್ತಿ ಬೋಳಿಸುವ ಮುಂಚೆ ಒಮ್ಮೆ ಕನ್ನಡಿ ನೋಡಿಕೊಳ್ಳಿ. ಮಾಲೆ ಹಾಕದವರಿಗೆ ದಸರಾ ರಜೆ, ಅಥವಾ ಟ್ರಾನ್ಸ್‌ಫರ್ ಆದಾಗ ಸಿಗುವ ದಿನಗಳು ಒಳ್ಳೆಯವು. ಹೊಸ ಊರಿಗೆ ಗಡ್ಡದ ಜೊತೆಗೇ ಹೋದರೆ ನಿಮ್ಮ ಹಳೆ ಮುಖ ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕಿಂತ ಒಳ್ಳೆ ಸಮಯ ಇನ್ನೊಂದಿಲ್ಲ.

ಎರಡನೇ ವಾರ ತುರಿಕೆ ಬರುತ್ತದೆ. ಬೋಳಿಸಿ ಉಳಿದ ಒರಟು ತುದಿಗಳು ಚರ್ಮಕ್ಕೆ ಚುಚ್ಚುವುದರಿಂದ ಹಾಗಾಗುತ್ತದೆ. ಕೂದಲು ಸ್ವಲ್ಪ ಉದ್ದವಾಗಿ ಮಲಗಿದ ಮೇಲೆ ತಾನೇ ಹೋಗುತ್ತದೆ. ಬಹಳ ಜನ ಇಲ್ಲೇ ಸೋತು ಬೋಳಿಸುತ್ತಾರೆ. ಸ್ನಾನದ ನಂತರ ಎರಡು ಮೂರು ಹನಿ ಎಣ್ಣೆ ಚರ್ಮಕ್ಕೆ ಮುಟ್ಟುವ ಹಾಗೆ ಸವರಿದರೆ ಸಾಕು. ಮೊಡವೆ ಬರುವ ಮುಖವಾದರೆ ಕೊಬ್ಬರಿ ಎಣ್ಣೆ ಬೇಡ, ಅದು ಕೆಲವರಿಗೆ ರಂಧ್ರ ಮುಚ್ಚಿ ಇನ್ನಷ್ಟು ಎಬ್ಬಿಸುತ್ತದೆ. ತಿಪಟೂರಲ್ಲಿ ಕೂತು ಕೊಬ್ಬರಿ ಎಣ್ಣೆ ಬೇಡ ಅಂದದ್ದಕ್ಕೆ ನನಗೆ ಬೈಗುಳ ಬಿದ್ದಿದೆ, ಆದರೂ ಹೇಳುತ್ತೇನೆ.

ಐದನೇ ವಾರ ಕಿಟಕಿಯ ಬೆಳಕಲ್ಲಿ ಗಡ್ಡದ ನಕ್ಷೆ ನೋಡಿ. ಎಲ್ಲಿ ದಟ್ಟ, ಎಲ್ಲಿ ಖಾಲಿ? ಮೂರು ಬಗೆ ಸಿಗುತ್ತದೆ.

ಎಲ್ಲ ಕಡೆ ತುಂಬಿದ್ದರೆ ನಿಮ್ಮ ಪುಣ್ಯ, ಮುಂದಿನ ಹೆಜ್ಜೆಗೆ ಹೋಗಿ.

ರೂಪಾಯಿ ನಾಣ್ಯದಷ್ಟು ಒಂದೆರಡು ಖಾಲಿ ಜಾಗ ಇದ್ದರೆ ಇನ್ನೂ ಮೂರು ವಾರ ಬಿಡಿ. ಪಕ್ಕದ ಕೂದಲು ಉದ್ದವಾಗಿ ಅದರ ಮೇಲೆ ಬೀಳುತ್ತದೆ. ಆದರೆ ಹೊಸದಾಗಿ, ನುಣ್ಣಗೆ, ದುಂಡಗೆ ಕೂದಲು ಉದುರಿ ಆದ ಜಾಗವಾದರೆ ಅದು ಬೇರೆ ವಿಷಯ. ಚರ್ಮದ ಡಾಕ್ಟರಿಗೆ ತೋರಿಸಿ.

ಕೆನ್ನೆ ಪೂರ್ತಿ ಅಲ್ಲೊಂದು ಇಲ್ಲೊಂದು ಎಳೆ ಇದ್ದರೆ ಕೆನ್ನೆಯ ಆಸೆ ಬಿಡಿ. ತೆಳು ಗಡ್ಡ ವಯಸ್ಸು ಕೂಡಿಸುವುದಿಲ್ಲ, ಕಳೆಯುತ್ತದೆ. "ಈಗ ತಾನೇ ಚಿಗುರ್ತಿದೆ" ಅಂತ ಅದೇ ಸಾರಿ ಹೇಳುತ್ತದೆ. ಅಂಥವರು ಕೆನ್ನೆಯನ್ನು ನುಣ್ಣಗೆ ಇಟ್ಟು, ಮೀಸೆ ಮತ್ತು ಗಲ್ಲ ಮಾತ್ರ ಬಿಡಬಹುದು. ಬರೀ ಮೀಸೆಯೂ ಸಾಕು. ನಮ್ಮ ಕಡೆ ಮೀಸೆಗೆ ಗಡ್ಡಕ್ಕಿಂತ ಹಳೆಯ ಮರ್ಯಾದೆ ಇದೆ. ಅದಕ್ಕೂ ಒಂದು ಪರೀಕ್ಷೆ ಉಂಟು. ತೋಳಿನಷ್ಟು ದೂರದಿಂದ ನೋಡಿದಾಗ ಮೀಸೆಯ ಕೆಳಗೆ ಚರ್ಮ ಕಾಣುತ್ತಿದ್ದರೆ ಅದು ಪಿಯುಸಿ ಮೀಸೆ, ತೆಗೆದುಬಿಡಿ. ಗಡ್ಡ ಇಪ್ಪತ್ತರ ಕೊನೆಯವರೆಗೂ, ಕೆಲವರಿಗೆ ಮೂವತ್ತು ದಾಟಿದ ಮೇಲೂ ದಟ್ಟವಾಗುತ್ತಾ ಹೋಗುತ್ತದೆ. ಎರಡು ವರ್ಷ ಬಿಟ್ಟು ಮತ್ತೆ ನೋಡಬಹುದು. ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಔಷಧಿಯನ್ನು ಗಡ್ಡಕ್ಕೆ ಹಚ್ಚುವವರಿದ್ದಾರೆ. ಡಾಕ್ಟರನ್ನು ಕೇಳದೆ ಬೇಡ. ಮನೆಯಲ್ಲಿ ಬೆಕ್ಕಿದ್ದರಂತೂ ಬೇಡವೇ ಬೇಡ, ಬೆಕ್ಕಿಗೆ ಅದು ವಿಷ.

ಗಡ್ಡಕ್ಕೆ ಆಕಾರ: ಕುತ್ತಿಗೆಯ ಗೆರೆಯೇ ಎಲ್ಲ

ಬಹಳ ಜನ ಕೆಡಿಸಿಕೊಳ್ಳುವುದು ಇಲ್ಲೇ. ದವಡೆಯ ಮೂಳೆ ಎಲ್ಲಿದೆಯೋ ಅದರ ಮೇಲೇ ಗೆರೆ ಹೊಡೆಸುತ್ತಾರೆ. ಆಗ ಗಡ್ಡ ಮುಖಕ್ಕೆ ಅಂಟಿಸಿದ ಪಟ್ಟಿಯ ಹಾಗೆ ಕಾಣುತ್ತದೆ. ಗಲ್ಲದ ಕೆಳಗಿನ ಮಾಂಸ ಹೊರಗೆ ಬಂದು ಗಲ್ಲ ಇನ್ನೂ ಸಣ್ಣದಾಗುತ್ತದೆ. ನಮಗೆ ಬೇಕಾದದ್ದಕ್ಕೆ ಪೂರ್ತಿ ಉಲ್ಟಾ.

ಸರಿಯಾದ ಜಾಗ ಹೀಗೆ ಹುಡುಕಿ. ಗಂಟಲಿನ ಮುಂದೆ ಒಂದು ಗಂಟು ಉಬ್ಬಿರುತ್ತದೆ, ನುಂಗಿದಾಗ ಮೇಲೆ ಕೆಳಗೆ ಆಡುತ್ತದಲ್ಲ, ಅದು. ಅದರ ಮೇಲಂಚಿಗೆ ತಾಗಿಸಿ ಎರಡು ಬೆರಳು ಅಡ್ಡ ಇಡಿ. ಮೇಲಿನ ಬೆರಳಿನ ಅಂಚೇ ಗಡ್ಡದ ಕೆಳಗಿನ ಗಡಿ. ಅಲ್ಲಿಂದ ಎರಡೂ ಕಿವಿಯ ಹಿಂಬದಿಗೆ ಒಂದು ಬಾಗಿದ ಗೆರೆ ಊಹಿಸಿಕೊಳ್ಳಿ. ಅದರ ಕೆಳಗಿರುವುದೆಲ್ಲ ತೆಗೆಯಿರಿ, ಮೇಲಿರುವುದನ್ನು ಮುಟ್ಟಬೇಡಿ. ತಲೆ ನೇರ ಇಟ್ಟುಕೊಂಡೇ ಈ ಅಳತೆ ಮಾಡಿ. ತಲೆ ಹಿಂದಕ್ಕೆ ಎತ್ತಿ ಗುರುತು ಹಾಕಿದರೆ ಗೆರೆ ಬೇರೆ ಕಡೆ ಬೀಳುತ್ತದೆ.

ಕೆನ್ನೆಯ ಮೇಲಿನ ಅಂಚನ್ನು ಹುಟ್ಟಿದ ಹಾಗೇ ಬಿಡಿ. ಮೇಲೆ ಹಾರಿರುವ ಒಂಟಿ ಕೂದಲು ತೆಗೆದರೆ ಮುಗಿಯಿತು. ಬ್ಲೇಡಿನಲ್ಲಿ ಸ್ಕೇಲ್ ಇಟ್ಟ ಹಾಗೆ ಗೆರೆ ಹೊಡೆದ ಗಡ್ಡ ಚೆನ್ನಾಗಿಯೇ ಕಾಣುತ್ತದೆ, ಆದರೆ ಇಪ್ಪತ್ತೆರಡರ ಹುಡುಗನ ಚೆಂದ ಅದು. ನಲವತ್ತರ ಗಂಡಸಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ ಅಂತ ನೋಡುವವರಿಗೂ ಗೊತ್ತು.

ಉದ್ದದ ಲೆಕ್ಕ ದುಂಡು ಮುಖಕ್ಕೆ ಹೀಗೆ: ಕೆನ್ನೆಯ ಪಕ್ಕ ಚಿಕ್ಕದು, ಗಲ್ಲದಲ್ಲಿ ಉದ್ದ. ಎಲ್ಲ ಕಡೆ ಒಂದೇ ಉದ್ದ ಬಿಟ್ಟರೆ ದುಂಡು ಮುಖ ಇನ್ನೂ ದೊಡ್ಡ ದುಂಡಾಗುತ್ತದೆ. ಮುಖ ಈಗಾಗಲೇ ಉದ್ದ ಇದ್ದರೆ ಗಲ್ಲದಲ್ಲಿ ಬಿಡಬೇಡಿ, ಎಲ್ಲ ಕಡೆ ಸಮ ಇರಲಿ.

ಒಂದು ಚಿಕ್ಕ ಎಚ್ಚರಿಕೆ. ಒದ್ದೆ ಗಡ್ಡಕ್ಕೆ ಟ್ರಿಮ್ಮರ್ ಹಾಕಬೇಡಿ. ಒದ್ದೆ ಕೂದಲು ನೇರವಾಗಿ, ಉದ್ದವಾಗಿ ಕಾಣುತ್ತದೆ. ಒಣಗಿದ ಮೇಲೆ ಮೇಲಕ್ಕೆ ಸರಿದು, ಅಯ್ಯೋ ಜಾಸ್ತಿ ಹೋಯ್ತು ಅನ್ನಿಸುತ್ತದೆ. ಯಾವಾಗಲೂ ದೊಡ್ಡ ಅಳತೆಯ ಬಾಚಣಿಗೆ ಹಾಕಿ ಶುರು ಮಾಡಿ, ಸಾಲದಿದ್ದರೆ ಇಳಿಸಿ.

ನನ್ನ ಗಡ್ಡ ಎಲ್ಲಿ ಕೆಟ್ಟಿತು

ಮಾಲೆ ತೆಗೆದ ಮೇಲೆ ನಾನು ಗಲ್ಲದ 14 ಮಿಲಿಮೀಟರನ್ನು ಹಾಗೇ ಇಟ್ಟುಕೊಂಡೆ. ಕೆನ್ನೆಯಲ್ಲಿ 10. ವಯಸ್ಸು ಚೆನ್ನಾಗಿ ಕೂಡಿತು. ಯಾರೂ "ಮರಿ" ಅನ್ನಲಿಲ್ಲ. ಆದರೆ ಮೂರು ವಾರದಲ್ಲಿ ಇನ್ನೊಂದು ವಿಷಯ ಗಮನಕ್ಕೆ ಬಂತು. ಜನ ಬಾಗಿಲಲ್ಲೇ ನಿಲ್ಲುತ್ತಿದ್ದರು. ಸ್ತ್ರೀಶಕ್ತಿ ಸಂಘದ ಹೆಂಗಸರು ಮೊದಲು ನೇರ ಒಳಗೆ ಬಂದು ಪಾಸ್‌ಬುಕ್ ಮುಂದಿಡುತ್ತಿದ್ದವರು, ಈಗ ಗುಮಾಸ್ತರ ಹತ್ತಿರ "ಸಾಹೇಬ್ರು ಸಿಟ್ಟಲ್ಲಿದ್ದಾರಾ?" ಅಂತ ಕೇಳಿ ಬರುತ್ತಿದ್ದರು. ನಾನು ಸಿಟ್ಟಲ್ಲಿ ಇರಲೇ ಇಲ್ಲ.

ಇದಕ್ಕೆ ಕಾರಣ ಆಮೇಲೆ ಗೊತ್ತಾಯಿತು. 2012ರಲ್ಲಿ ಡಿಕ್ಸನ್ ಮತ್ತು ವೇಸಿ ಅನ್ನುವ ಇಬ್ಬರು ಸಂಶೋಧಕರು ಒಂದೇ ಗಂಡಸರ ಮುಖವನ್ನು ಗಡ್ಡ ಇದ್ದಾಗ, ಇಲ್ಲದಾಗ ಫೋಟೋ ತೆಗೆದು ನ್ಯೂಝಿಲೆಂಡ್ ಮತ್ತು ಸಮೋವಾ ದ್ವೀಪದ ಜನರಿಗೆ ತೋರಿಸಿದ್ದರು. ಗಡ್ಡದ ಮುಖಕ್ಕೆ ವಯಸ್ಸು ಜಾಸ್ತಿ, ಸ್ಥಾನಮಾನವೂ ಜಾಸ್ತಿ ಅಂದರು ನೋಡಿದವರು. ಆದರೆ ಸಿಟ್ಟಿನ ಮುಖ ಮಾಡಿದಾಗ, ಗಡ್ಡ ಇದ್ದರೆ ಆ ಸಿಟ್ಟೂ ಜಾಸ್ತಿ ಕಂಡಿತು. ನನಗೆ ಯೋಚಿಸುವಾಗ ಹುಬ್ಬು ಗಂಟಿಕ್ಕುವ ಅಭ್ಯಾಸ. ಬೋಳು ಮುಖದಲ್ಲಿ ಅದು "ಪಾಪ, ಹುಡುಗ ಕಷ್ಟಪಡ್ತಿದ್ದಾನೆ" ಅನ್ನಿಸುತ್ತಿತ್ತು. ಗಡ್ಡದ ಮುಖದಲ್ಲಿ "ಸಾಲ ಕೊಡಲ್ಲ" ಅನ್ನಿಸತೊಡಗಿತು.

ಕೆನ್ನೆಯನ್ನು 4ಕ್ಕೆ, ಗಲ್ಲವನ್ನು 8ಕ್ಕೆ ಇಳಿಸಿದೆ. ತುಟಿಯ ಮೇಲೆ ಬೀಳುತ್ತಿದ್ದ ಮೀಸೆಯ ಕೂದಲನ್ನು ಕತ್ತರಿಯಲ್ಲಿ ತೆಗೆದೆ, ಬಾಯಿ ಕಂಡರೆ ನಗು ಕಾಣುತ್ತದೆ. ಸಂಘದ ಹೆಂಗಸರು ಮತ್ತೆ ಒಳಗೆ ಬಂದರು. ಅದಾದ ಮೇಲೆ ಈ ಅಳತೆಯನ್ನು ಬದಲಿಸಿಲ್ಲ. ಹತ್ತು ದಿನಕ್ಕೊಮ್ಮೆ ಪೂರ್ತಿ ಟ್ರಿಮ್ಮರ್, ನಾಲ್ಕೈದು ದಿನಕ್ಕೊಮ್ಮೆ ಕುತ್ತಿಗೆ ಮಾತ್ರ. ಗಲ್ಲದಲ್ಲಿ ಎರಡು ಬಿಳಿ ಕೂದಲು ಬಂದಿವೆ. ಅವನ್ನು ಕೀಳುವುದಿಲ್ಲ, ಬಣ್ಣವನ್ನೂ ಹಚ್ಚುವುದಿಲ್ಲ. ಸುಮ್ನೆ ಬಂದ ಬಡ್ತಿ ಅದು.

ಗಡ್ಡ ಎಲ್ಲರಿಗೂ ಆಗುವುದಿಲ್ಲ ಅನ್ನುವುದೂ ಇದೆ. ಸೇನೆಯಲ್ಲಿ ಸಿಖ್ಖರನ್ನು ಬಿಟ್ಟು ಉಳಿದವರಿಗೆ ಸಾಮಾನ್ಯವಾಗಿ ಗಡ್ಡ ಇಲ್ಲ. ನೌಕಾಪಡೆಯಲ್ಲಿ ಅನುಮತಿ ಪಡೆದು ಬಿಡಬಹುದು. ಆಸ್ಪತ್ರೆಯಲ್ಲಿ ಎನ್95 ಮಾಸ್ಕ್ ಹಾಕುವ ಡಾಕ್ಟರುಗಳಿಗೆ ಮಾಸ್ಕಿನ ಅಂಚಿನ ಕೆಳಗೆ ಗಡ್ಡ ಬಂದರೆ ಗಾಳಿ ನುಸುಳುತ್ತದೆ, ಅವರು ಮಾಸ್ಕಿನ ಒಳಗೆ ಅಡಗುವ ಮೀಸೆಗೆ ತೃಪ್ತಿಪಡಬೇಕು.

ಕಟಿಂಗ್: ಅಂಗಡಿಯಲ್ಲಿ ಏನು ಹೇಳಬೇಕು

"ಸ್ವಲ್ಪ ಮೆಚ್ಯೂರ್ ಆಗಿ ಕಾಣೋ ಥರ ಮಾಡಿ" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಅಳತೆ ಹೇಳಿ. ನಾನು ಹೇಳುವುದು ಇಷ್ಟೇ: "ಸೈಡಲ್ಲಿ ಝೀರೋ ಬೇಡ. ಕಿವಿ ಹತ್ರ ನಂಬರ್ ಎರಡು, ಮೇಲೆ ಹೋಗ್ತಾ ಕತ್ತರಿ. ಮೇಲೆ ಎರಡು ಇಂಚು ಇರಲಿ. ಹಿಂದೆ ಕುತ್ತಿಗೇಲಿ ಚೌಕ ಹೊಡೀಬೇಡಿ, ಹಾಗೇ ಇಳಿಸಿ." ನಂಬರ್ ಎರಡು ಅಂದರೆ ಮೆಷಿನ್ನಿನಲ್ಲಿ ಸುಮಾರು 6 ಮಿಲಿಮೀಟರ್.

ಝೀರೋ ಬೇಡ ಅನ್ನುವುದಕ್ಕೆ ಕಾರಣ ಇದೆ. ಪಕ್ಕದಲ್ಲಿ ಚರ್ಮ ಕಾಣುವಂತೆ ಹೊಡೆದು ಮೇಲೆ ಗುಡ್ಡೆ ಬಿಡುವ ಕಟಿಂಗ್ ಈಗ ಕಾಲೇಜು ಹುಡುಗರ ಸಮವಸ್ತ್ರ. ಮುಖಕ್ಕೆ ಎಷ್ಟೇ ಒಪ್ಪಿದರೂ ಅದು ಅವರ ವಯಸ್ಸನ್ನೇ ಹೇಳುತ್ತದೆ. ಅತ್ತ ಪಕ್ಕದ ಕೂದಲು ಕಿವಿ ಮೇಲೆ ಉಬ್ಬಿದರೂ ಕಷ್ಟ, ದುಂಡು ಮುಖ ಇನ್ನೂ ಅಗಲವಾಗುತ್ತದೆ. ಎರಡರ ನಡುವೆ ಇರಲಿ.

ಹಣೆಯ ವಿಷಯದಲ್ಲಿ ಒಂದು ತಮಾಷೆ ಇದೆ. ದೊಡ್ಡ ಹಣೆ ಮಗುವಿನ ಗುರುತು ಅಂದೆನಲ್ಲ, ಹಾಗಾದರೆ ಹಣೆ ಮೇಲೆ ಕೂದಲು ಬಿಟ್ಟು ಮುಚ್ಚಬೇಕಲ್ಲವೇ? ನಾನೂ ಹಾಗೇ ಲೆಕ್ಕ ಹಾಕಿ ಒಂದು ತಿಂಗಳು ಬಿಟ್ಟೆ. ಹಣೆ ಮುಚ್ಚಿತು, ಮೂರನೇ ಕ್ಲಾಸಿನ ಹುಡುಗ ಹೊರಗೆ ಬಂದ. ಹಣೆ ಮೇಲೆ ಬಿದ್ದ ಕೂದಲನ್ನು ನಾವು ಅಷ್ಟೊಂದು ಮಕ್ಕಳ ತಲೆಯಲ್ಲಿ ನೋಡಿರುತ್ತೇವೆ. ಆದ್ದರಿಂದ ಮುಂದಿನ ಕೂದಲನ್ನು ಮೇಲೆತ್ತಿ ಪಕ್ಕಕ್ಕೆ ತಿರುಗಿಸುವುದೇ ಸರಿ. ಎತ್ತರ ಬಂದು ಮುಖ ಉದ್ದ ಕಾಣುತ್ತದೆ, ದುಂಡು ಕಮ್ಮಿಯಾಗುತ್ತದೆ.

ಬೈತಲೆ ನಿಮ್ಮದೇ ಇರಲಿ. ಒದ್ದೆ ತಲೆಯನ್ನು ಪೂರ್ತಿ ಹಿಂದಕ್ಕೆ ಬಾಚಿ, ಅಂಗೈಯಿಂದ ಮೆಲ್ಲಗೆ ಮುಂದಕ್ಕೆ ತಳ್ಳಿ. ಕೂದಲು ತಾನೇ ಒಂದು ಕಡೆ ಒಡೆಯುತ್ತದೆ, ಅದೇ ನಿಮ್ಮ ಬೈತಲೆ. ಬೇರೆ ಕಡೆ ತೆಗೆದರೆ ಮಧ್ಯಾಹ್ನದ ಹೊತ್ತಿಗೆ ಕೂದಲು ಎದ್ದು ನಿಲ್ಲುತ್ತದೆ. ಎಣ್ಣೆ ರಾತ್ರಿ ಹಚ್ಚಿ, ಬೆಳಗ್ಗೆ ತೊಳೆಯಿರಿ. ಅದೇ ಬೈತಲೆ ಎಣ್ಣೆಯಲ್ಲಿ ಅಂಟಿದ್ದರೆ ಸ್ಕೂಲ್ ಫೋಟೋ, ಒಣಗಿ ಸ್ವಲ್ಪ ಎದ್ದಿದ್ದರೆ ಆಫೀಸರ್. ಕೂದಲು ನಿಲ್ಲದಿದ್ದರೆ ಹೊಳಪಿಲ್ಲದ ಕ್ರೀಮನ್ನು ಬಟಾಣಿ ಕಾಳಿನಷ್ಟು ತೆಗೆದುಕೊಂಡು ಅಂಗೈಯಲ್ಲಿ ಉಜ್ಜಿ ಹಚ್ಚಿ.

ಗಡ್ಡ ಬಿಟ್ಟವರು ಇನ್ನೊಂದು ಕಡೆ ನೋಡಬೇಕು. ಕಿವಿಯ ಮುಂದಿನ ಕೂದಲು, ಅಂಗಡಿಯವರ ಬಾಯಲ್ಲಿ ಸೈಡ್ ಲಾಕ್. ತಲೆಯ ಪಕ್ಕ 6 ಮಿಲಿಮೀಟರ್, ಕೆನ್ನೆಯ ಗಡ್ಡ 4 ಇದ್ದರೆ ನಡುವಿನ ಸೈಡ್ ಲಾಕ್ 5ರ ಸುತ್ತ ಇರಬೇಕು. ಇಲ್ಲಿ ಝೀರೋ ಹೊಡೆದು ಕೆಳಗೆ ದಟ್ಟ ಗಡ್ಡ ಬಿಟ್ಟರೆ ನಾಟಕಕ್ಕೆ ಕಟ್ಟಿಕೊಂಡ ಗಡ್ಡದ ಹಾಗಿರುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಕಟಿಂಗ್ ಮಾಡಿಸಿ. ಮಂಗಳವಾರ ಹೊರಡಬೇಡಿ, ನಮ್ಮ ಕಡೆ ಎಷ್ಟೋ ಅಂಗಡಿಗಳು ಮುಚ್ಚಿರುತ್ತವೆ.

ಕನ್ನಡಕ: ಕೊನೆಗೆ ಕೊಳ್ಳಿ

ಗಡ್ಡ ಕಟಿಂಗ್ ಒಂದು ಹದಕ್ಕೆ ಬಂದ ಮೇಲೇ ಕನ್ನಡಕ. ಮುಂಚೆ ಕೊಂಡರೆ ಬೇರೆ ಮುಖಕ್ಕೆ ಕೊಂಡ ಹಾಗೆ. ನಾನು ಆತುರಪಟ್ಟು ಮೊದಲೇ ಒಂದು ದೊಡ್ಡ ದುಂಡು ಫ್ರೇಮು ತಂದಿದ್ದೆ. ದುಂಡು ಮುಖದ ಮೇಲೆ ಎರಡು ದುಂಡು. ಕಣ್ಣು ಇನ್ನೂ ಅಗಲವಾಗಿ ಗೂಬೆ ಮರಿಯ ಹಾಗೆ ಕಂಡೆ. ಆ ದುಡ್ಡು ಹೋಯಿತು.

ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಸಣ್ಣ ಪವರ್ ಇದ್ದೂ ಗೊತ್ತಿಲ್ಲದವರು ಬಹಳ ಜನ. ನನಗೆ ಮೈನಸ್ 0.75 ಇತ್ತು. ದೂರ ಕಾಣಲು ಹಾಕುವ ಮೈನಸ್ ಗಾಜು ಹೊರಗಿನಿಂದ ನೋಡುವವರಿಗೆ ಕಣ್ಣನ್ನು ಚಿಕ್ಕದು ಮಾಡುತ್ತದೆ. ಪ್ಲಸ್ ಗಾಜು ದೊಡ್ಡದು ಮಾಡುತ್ತದೆ. 0.75ರಲ್ಲಿ ಅದು ಗೊತ್ತಾಗುವುದಿಲ್ಲ, ಮೂರು ನಾಲ್ಕು ದಾಟಿದರೆ ಚೆನ್ನಾಗಿ ಗೊತ್ತಾಗುತ್ತದೆ. ಪ್ಲಸ್ ಪವರ್ ಇದ್ದವರು ಸಣ್ಣ ಫ್ರೇಮು ತೆಗೆದುಕೊಂಡರೆ ಆ ಉಬ್ಬು ಕಮ್ಮಿ. ಪವರ್ ಏನೂ ಇಲ್ಲದಿದ್ದರೆ ಬರೀ ಗಾಜು ಹಾಕಿಸಬಹುದು, ಕಣ್ಣಿಗೆ ಅದರಿಂದ ಕೆಡುಕಿಲ್ಲ. ಆದರೆ ಹಾಕಿದರೆ ದಿನಪೂರ್ತಿ ಹಾಕಿ. ಮೀಟಿಂಗಿಗೆ ಮಾತ್ರ ತೆಗೆದು ಹಾಕಿಕೊಂಡರೆ ಸಿಬ್ಬಂದಿಗೆ ಎರಡೇ ದಿನದಲ್ಲಿ ಗೊತ್ತಾಗಿ ಕ್ಯಾಂಟೀನಲ್ಲಿ ನಗುತ್ತಾರೆ. "ಪವರ್ ಎಷ್ಟು ಸಾರ್?" ಅಂತ ಕೇಳಿದರೆ "ಇಲ್ಲ, ಸುಮ್ನೆ ಹಾಕ್ತೀನಿ" ಅಂದುಬಿಡಿ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅಲ್ಲಿಗೆ ಮುಗಿಯಿತು.

ಫ್ರೇಮಿನ ಕಡ್ಡಿಯ ಒಳಗೆ 52□18-140 ಅಂತ ಬರೆದಿರುತ್ತದೆ. ಒಂದು ಗಾಜಿನ ಅಗಲ, ಮೂಗಿನ ಮೇಲಿನ ಸೇತುವೆ, ಕಡ್ಡಿಯ ಉದ್ದ, ಎಲ್ಲ ಮಿಲಿಮೀಟರಿನಲ್ಲಿ. ಈಗಾಗಲೇ ಸರಿಹೊಂದುವ ಕನ್ನಡಕ ಮನೆಯಲ್ಲಿದ್ದರೆ ಅದರ ಅಂಕಿ ಬರೆದುಕೊಂಡು ಅಂಗಡಿಗೆ ಹೋಗಿ. ಫ್ರೇಮಿನ ಒಟ್ಟು ಅಗಲ ನಿಮ್ಮ ಕಣತಲೆಯ ಅಗಲಕ್ಕೆ ಸಮ ಇರಬೇಕು. ಹೊರಗೆ ಚಾಚಿದರೆ ಅಪ್ಪನ ಕನ್ನಡಕ ಹಾಕಿಕೊಂಡ ಮಗು.

ಆಕಾರದಲ್ಲಿ ನೋಡಬೇಕಾದದ್ದು ಮೇಲಿನ ಅಂಚು. ಅದು ದಪ್ಪ, ಗಾಢ ಬಣ್ಣ, ಹೆಚ್ಚುಕಮ್ಮಿ ನೇರ ಇರಲಿ. ಕೆಳಗೆ ತೆಳು ಇರಲಿ, ಇಲ್ಲವೇ ಫ್ರೇಮೇ ಇಲ್ಲದೆ ದಾರದಲ್ಲಿ ಗಾಜು ಹಿಡಿದಿರಲಿ. ಇಂಥ ಅರ್ಧ ಫ್ರೇಮು ಹುಬ್ಬಿಗೆ ಬಲ ಕೊಡುತ್ತದೆ, ಕೆನ್ನೆಗೆ ಇನ್ನೊಂದು ದುಂಡು ಸೇರಿಸುವುದಿಲ್ಲ. ಹುಬ್ಬು ಫ್ರೇಮಿನ ಮೇಲೆ ಸ್ವಲ್ಪವಾದರೂ ಕಾಣಬೇಕು. ಪೂರ್ತಿ ಮುಚ್ಚಿದರೆ ಮುಖದಲ್ಲಿ ಭಾವ ಕಾಣುವುದಿಲ್ಲ, ಗಡ್ಡವೂ ಇದ್ದರೆ ಮುಖವಾಡವೇ ಆಗಿಬಿಡುತ್ತದೆ. ದಟ್ಟ ಗಡ್ಡದವರಿಗೆ ದಪ್ಪ ಕಪ್ಪು ಫ್ರೇಮು ಜಾಸ್ತಿಯಾಯಿತು. ಮೀಸೆ ಮಾತ್ರ ಇದ್ದವರಿಗೆ ಅದು ಚೆನ್ನ. ನಾನು ಕೊನೆಗೆ ಕೊಂಡದ್ದು ಗಾಢ ಕಂದು ಬಣ್ಣದ ಅರ್ಧ ಫ್ರೇಮು.

ಗಾಜಿಗೆ ಪ್ರತಿಫಲನ ತಡೆಯುವ ಲೇಪ ಹಾಕಿಸಿ. ಎದುರಿನವರಿಗೆ ಟ್ಯೂಬ್‌ಲೈಟಿನ ಬದಲು ನಿಮ್ಮ ಕಣ್ಣು ಕಾಣುತ್ತದೆ. ಬಿಸಿಲಿಗೆ ಕಪ್ಪಾಗುವ ಗಾಜು ಬೇಡ. ಹೊರಗಿನಿಂದ ಬಂದು ಕುರ್ಚಿಯಲ್ಲಿ ಕೂತ ಮೇಲೂ ಕೆಲವು ನಿಮಿಷ ಕಪ್ಪಾಗೇ ಇರುತ್ತದೆ, ಮೊದಲ ಮಾತು ಆಡುವ ಹೊತ್ತೇ ಅದು. ಇನ್ನು ಮೂಗಿನಿಂದ ಜಾರುವ ಕನ್ನಡಕವನ್ನು ಬೆರಳಲ್ಲಿ ತಳ್ಳುತ್ತಾ ಕೂತರೆ ಪರೀಕ್ಷೆ ಹಾಲಿನ ಹುಡುಗನಾಗುತ್ತೀರಿ. ಅಂಗಡಿಯಲ್ಲಿ ಕಡ್ಡಿಯ ತುದಿ ಬಿಸಿ ಮಾಡಿ ಕಿವಿಯ ಹಿಂದೆ ಬಗ್ಗಿಸಿಕೊಡುತ್ತಾರೆ, ಐದು ನಿಮಿಷದ ಕೆಲಸ.

ಎಷ್ಟು ದಿನ, ಎಷ್ಟು ಹೊತ್ತು

ಮೂರನ್ನೂ ಒಂದೇ ದಿನ ಬದಲಿಸಬೇಡಿ. ಎಲ್ಲ ಒಟ್ಟಿಗೆ ಬಂದರೆ ವೇಷ ಅನ್ನಿಸುತ್ತದೆ. ಯಾವುದು ಕೆಲಸ ಮಾಡಿತು ಅಂತ ನಿಮಗೂ ಗೊತ್ತಾಗುವುದಿಲ್ಲ. ನನ್ನದು ಗಡ್ಡ ಡಿಸೆಂಬರ್ ಕೊನೆಗೆ, ಕಟಿಂಗ್ ಜನವರಿ ಕೊನೆಗೆ, ಸರಿಯಾದ ಕನ್ನಡಕ ಮಾರ್ಚ್‌ಗೆ. ಆಮೇಲಿನ ಫೋಟೋಗೆ ಬಂದ ಉತ್ತರ 27ರಿಂದ 30. ಮೊದಲಿಗಿಂತ ಐದು ವರ್ಷ ಮೇಲೆ, ಅತಿ ಹೆಚ್ಚು ಹೇಳಿದವರದ್ದೂ ನಿಜವಾದ ವಯಸ್ಸಿಗೆ ಇನ್ನೂ ಒಂದು ಕಮ್ಮಿ. ಅದಕ್ಕಿಂತ ಜಾಸ್ತಿ ಈ ಮೂರರಿಂದ ಬರುವುದಿಲ್ಲ.

ಇದರ ಬಾಳಿಕೆಯೂ ಕಮ್ಮಿಯೇ. 1971ರಲ್ಲಿ ಇಂಗ್ಲೆಂಡಿನ ಆರ್ಗೈಲ್ ಮತ್ತು ಮ್ಯಾಕ್‌ಹೆನ್ರಿ ಒಂದು ಪ್ರಯೋಗ ಮಾಡಿದ್ದರು. ಕನ್ನಡಕ ಹಾಕಿದವರನ್ನು ಹದಿನೈದು ಸೆಕೆಂಡು ಸುಮ್ಮನೆ ನೋಡಿದವರು "ಬುದ್ಧಿವಂತ" ಅಂದರು. ಅದೇ ವ್ಯಕ್ತಿ ಐದು ನಿಮಿಷ ಮಾತಾಡುವುದನ್ನು ನೋಡಿದವರಿಗೆ ಕನ್ನಡಕ ಲೆಕ್ಕಕ್ಕೇ ಬರಲಿಲ್ಲ. ನನ್ನ ಅನುಭವವೂ ಅದೇ. ಈಗ ಯಜಮಾನರು ಗುಮಾಸ್ತರ ಮುಖ ನೋಡದೆ ನೇರ ಬಂದು ಕೂರುತ್ತಾರೆ. ಕೊಬ್ಬರಿ ರೇಟು, ಬೋರ್‌ವೆಲ್ ಸಾಲದ ಕಾಗದ ಅಂತ ಮಾತು ಶುರುವಾದ ಮೇಲೆ ನನ್ನ ಗಡ್ಡವನ್ನು ಯಾರೂ ನೋಡುವುದಿಲ್ಲ.

ಕೊನೆಯದಾಗಿ ಒಂದು ಕೆಲಸ. ಐಡಿ ಕಾರ್ಡಿನ ಫೋಟೋ ಬದಲಿಸಿ. ಹೊಸ ಮುಖ ಹೊತ್ತು ಕುತ್ತಿಗೆಗೆ ಹಳೆ ಹುಡುಗನನ್ನು ನೇತುಹಾಕಿಕೊಂಡು ತಿರುಗಿದರೆ ಏನು ಬಂತು? ನಾನು ಏಪ್ರಿಲ್‌ವರೆಗೆ ಮರೆತಿದ್ದೆ. ನೆನಪಿಸಿದ್ದು ಅದೇ ತೋಟದ ಯಜಮಾನರು. ಸೇಂಗಾ ಬೀಜದ ಸಾಲಕ್ಕೆ ಬಂದವರು ಎದುರು ಕೂತು, ನನ್ನ ಮುಖ ನೋಡಿ, ಎದೆ ಮೇಲಿನ ಕಾರ್ಡ್ ನೋಡಿ, "ಹೋದ ಸಲ ಈ ಕುರ್ಚೀಲಿ ಕೂತಿದ್ದನಲ್ಲ ಸಾಹೇಬ್ರೆ, ಅವ್ನು ನಿಮ್ಮ ತಮ್ಮನಾ?" ಅಂದರು.